ಸೀದ ಹಾಲು, ಒಣಗಿದ ಅನ್ನ, ಅಂಟಿದ ಬೆಲ್ಲ: 70 ಡಿಗ್ರಿಗೆ ಇಟ್ಟರೂ ಡಿಶ್‌ವಾಶರ್‌ನಲ್ಲಿ ಬೆಲ್ಲ ಮಾತ್ರ ಹೋಗಿದೆ, ಯಾಕೆ?

ತಳಹಿಡಿದಪಾತ್ರೆ

ಮೂರು ಪಾತ್ರೆ ಒಟ್ಟಿಗೆ ಕೆಳ ಬುಟ್ಟಿಗೆ ಹಾಕಿದ್ದೆ. ಮೂರೂ ಸ್ಟೀಲೇ.

ಮೊದಲನೆಯದು 3 ಲೀಟರಿನ ಹಾಲಿನ ಪಾತ್ರೆ, ತಳದಲ್ಲಿ ಅಂಗೈ ಅಗಲ ಸೀದಿತ್ತು. ಎರಡನೆಯದು ಅನ್ನದ ಪಾತ್ರೆ, ರಾತ್ರಿಯೆಲ್ಲ ಹಾಗೇ ಬಿಟ್ಟು ಅಗುಳು ಒಣಗಿ ಕಲ್ಲಾಗಿತ್ತು. ಮೂರನೆಯದು ಬೆಲ್ಲದ ಪಾಕ ಮಾಡಿದ ಬಾಣಲೆ, ಅಂಚಿನ ಸುತ್ತ ಪಾಕ ಗಾಜಿನ ಹಾಗೆ ಗಟ್ಟಿಯಾಗಿತ್ತು. ಏನನ್ನೂ ತೊಳೆಯದೆ, ಒಂದು ಟ್ಯಾಬ್ಲೆಟ್ ಹಾಕಿ, 70 ಡಿಗ್ರಿಯ ಇಂಟೆನ್ಸಿವ್ ಓಡಿಸಿದೆ.

ತೆಗೆದು ನೋಡಿದರೆ ಬೆಲ್ಲ ಪೂರ್ತಿ ಮಾಯ. ಹಾಲಿನ ಕಲೆ ಇದ್ದ ಹಾಗೇ ಇದೆ, ಮೇಲೊಂದು ಬಿಳಿ ಪೊರೆ ಬೇರೆ. ಅನ್ನದ ಅಗುಳು ಹೋಗಿವೆ, ಆದರೆ ಪಾತ್ರೆಯ ಒಳಗೋಡೆ ಮುಟ್ಟಿದರೆ ಜಾರುತ್ತೆ, ಒಣಗಿದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತೆ. ಮೇಲಿನ ಬುಟ್ಟಿಯ ಲೋಟಗಳೂ ಮಂಕು, ಎರಡರ ಒಳಗೆ ಮರಳಿನಂಥ ಕಣ.

ಇದಕ್ಕಿಂತ ಜಾಸ್ತಿ ಬಿಸಿ ನನ್ನ ಯಂತ್ರದಲ್ಲಿಲ್ಲ. ತಪ್ಪಿರೋದು ಯಂತ್ರದಲ್ಲೋ, ಟ್ಯಾಬ್ಲೆಟ್‌ನಲ್ಲೋ, ನನ್ನಲ್ಲೋ?

ಬಿಸಿಬಿಸಿ

ಎರಡು ಟ್ಯಾಬ್ಲೆಟ್ ಹಾಕಿ ನೋಡಿ.

ಸ್ಪ್ಯಾನರ್

ಎರಡು ಹಾಕಿದರೆ ಟ್ಯಾಬ್ಲೆಟ್ ಬೇಗ ಖಾಲಿಯಾಗುತ್ತೆ, ಅಷ್ಟೇ. ಒಂದು ಸಲ ತುಂಬಿಕೊಳ್ಳುವ 3–4 ಲೀಟರ್ ನೀರಿಗೆ ಒಂದು ಟ್ಯಾಬ್ಲೆಟ್ ಧಾರಾಳ.

ಮರಳಿನ ಕಣದಿಂದ ಶುರು ಮಾಡೋಣ, ಸುಲಭದ್ದು ಅದು. ಬೆಲ್ಲದಲ್ಲಿ ಕಬ್ಬಿನ ನಾರು, ಸಣ್ಣ ಮಣ್ಣು ಇದ್ದೇ ಇರುತ್ತೆ. ಸಕ್ಕರೆ ಕರಗಿ ಹೋಯಿತು, ಇವು ಕರಗಲ್ಲ. ಫಿಲ್ಟರ್ ದಾಟಿದ ಸಣ್ಣ ಕಣ ಪಂಪಿಗೆ ಹೋಗಿ, ಅಲ್ಲಿಂದ ಚಿಮ್ಮುವ ಕೈಗೆ ಹತ್ತಿ, ಲೋಟದ ಒಳಗೆ ಬಂದು ಕೂತಿದೆ. ಫಿಲ್ಟರ್ ತಿರುಗಿಸಿ ಹೊರತೆಗೆಯಿರಿ. ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದರೆ ತೂತುಗಳ ಮೇಲೆ ತೆಳು ಗಂಜಿ ಪೊರೆ ಕಂಡೇ ಕಾಣುತ್ತೆ. ನಲ್ಲಿ ಕೆಳಗೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹೊರಮೈಯಿಂದ ಒಳಮುಖವಾಗಿ ಉಜ್ಜಿ. ಆಮೇಲೆ ಎರಡೂ ಚಿಮ್ಮುವ ಕೈಗಳನ್ನು ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಸದ್ದು ಬಂದರೆ ಅಗುಳು ಸೇರಿಕೊಂಡಿದೆ. ಮುಚ್ಚಿಹೋದ ತೂತನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಪಿನ್ನು ಹಾಕಬೇಡಿ, ತೂತು ಹಿಗ್ಗಿದರೆ ನೀರಿನ ದಿಕ್ಕೇ ಕೆಡುತ್ತೆ.

ಸೌಟು

ಯಂತ್ರದ ಕಥೆ ಬಿಡಿ. ಹಾಲು ಸೀದ ಪಾತ್ರೆಗೆ ಅಡುಗೆ ಸೋಡಾ ಉದುರಿಸಿ, ಮೇಲೆ ವಿನೆಗರ್ ಸುರಿದು, ನೊರೆ ಉಕ್ಕುವಾಗ ಉಜ್ಜಿ. ಐದು ನಿಮಿಷದ ಕೆಲಸ. ನೊರೆಯೇ ಕಲೆಯನ್ನ ಎತ್ತಿ ಬಿಡಿಸುತ್ತೆ.

ಕ್ಷಾರಪ್ರಿಯ

ಸೌಟು ಅವರೇ, ನೀವು ಹೇಳಿದ ಎರಡೂ ವಸ್ತು ಸರಿ, ಎರಡನ್ನೂ ಒಟ್ಟಿಗೆ ಹಾಕುವುದು ತಪ್ಪು. ಸೋಡಾ ಕ್ಷಾರ, ವಿನೆಗರ್ ಹುಳಿ. ಒಂದನ್ನೊಂದು ತಿಂದು ಮುಗಿಸುತ್ತವೆ. ನೊರೆ ಅರ್ಧ ನಿಮಿಷದ ಸಂಭ್ರಮ, ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಆಮೇಲೆ ಕಲೆ ಬಿಡಿಸುವುದು ನಿಮ್ಮ ರಟ್ಟೆ.

ಸೀದ ಹಾಲು ಅಂದರೆ ಏನು ಅಂತ ಮೊದಲು ನೋಡಿ. ಹಾಲು 70 ಡಿಗ್ರಿ ಆಸುಪಾಸು ದಾಟಿದಾಗ ಅದರ ಕೆಲವು ಪ್ರೋಟೀನ್‌ಗಳು ಬಿಚ್ಚಿಕೊಂಡು ಬಿಸಿ ತಳಕ್ಕೆ ಅಂಟುತ್ತವೆ. ಹಾಲಿನ ಸುಣ್ಣದ ಅಂಶ ಬಿಸಿಯಲ್ಲಿ ಕರಗದೆ ಹೊರಬಂದು ಅದರ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ಹಾಲಿನ ಸಕ್ಕರೆ ಕಂದಾಗಿ ಎಲ್ಲವನ್ನೂ ಬಿಗಿಯುತ್ತದೆ. ಅಂದರೆ ಒಂದು ಕಲೆಯೊಳಗೆ ಎರಡು ಬೇರೆ ಬೇರೆ ವಸ್ತು: ಪ್ರೋಟೀನನ್ನು ಸಡಿಲಿಸುವುದು ಕ್ಷಾರ, ಸುಣ್ಣವನ್ನು ಕರಗಿಸುವುದು ಹುಳಿ. ಹಾಲಿನ ಡೇರಿಗಳಲ್ಲಿ ಪೈಪು ತೊಳೆಯುವುದೂ ಇದೇ ಕ್ರಮದಲ್ಲಿ, ಮೊದಲು ಕ್ಷಾರ, ನಡುವೆ ನೀರು, ಕೊನೆಗೆ ಹುಳಿ.

ಹುಳಿಯನ್ನು ಮೊದಲೇ ಹಾಕಿದರೆ? ಹಾಲಿಗೆ ನಿಂಬೆ ಹಿಂಡಿದಾಗ ಆಗುವುದನ್ನು ನೆನೆಸಿಕೊಳ್ಳಿ. ಪ್ರೋಟೀನ್ ಇನ್ನಷ್ಟು ಗಟ್ಟಿಯಾಗಿ ಮುದುಡುತ್ತದೆ.

ತಳಹಿಡಿದಪಾತ್ರೆ ಅವರು ನೋಡಿದ ಬಿಳಿ ಪೊರೆ ಬಹುಶಃ ಆ ಸುಣ್ಣವೇ. ಟ್ಯಾಬ್ಲೆಟ್‌ನ ಕ್ಷಾರ ಮೇಲ್ಮೈಯ ಪ್ರೋಟೀನನ್ನು ಅಷ್ಟಿಷ್ಟು ತಿಂದಿದೆ, ಸುಣ್ಣ ಬೆತ್ತಲಾಗಿದೆ.

ತಳಹಿಡಿದಪಾತ್ರೆ

ಡೇರಿಯಲ್ಲಿ ಅಷ್ಟು ಚೆನ್ನಾಗಿ ಹೋಗುವುದು ಯಂತ್ರದಲ್ಲಿ ಯಾಕೆ ಹೋಗಲ್ಲ? ಟ್ಯಾಬ್ಲೆಟ್ ಕೂಡ ಕ್ಷಾರವೇ ಅಂತೀರಿ.

ಕ್ಷಾರಪ್ರಿಯ

ಹೊತ್ತು ಸಾಲದು. ಟ್ಯಾಬ್ಲೆಟ್ ಬೀಳುವುದು ಮುಖ್ಯ ತೊಳೆತದಲ್ಲಿ, ಅದಕ್ಕೆ ಮುಂಚಿನ ಹಂತದಲ್ಲಿ ಬರೀ ನೀರು. ಅಲ್ಲಿಂದ ಮುಂದೆ ಆ ಕ್ಷಾರದ ನೀರು ಕಲೆಯ ಮೇಲೆ ನಿಲ್ಲುವುದಿಲ್ಲ, ಚಿಮ್ಮುವ ಕೈ ಸುತ್ತುವಾಗ ಒಂದು ಏಟು ಹೊಡೆದು ಜಾರಿ ಹೋಗುತ್ತದೆ. ತೆಳು ಕಲೆಗೆ ಅಷ್ಟು ಸಾಕು. ಸೀದ ಹಾಲಿಗೆ ನೀರು ಒಳಗಿಳಿದು ಪದರ ಉಬ್ಬಬೇಕು, ಅದಕ್ಕೆ ಕಲೆ ಮುಳುಗಿ ಕೂತಿರಬೇಕು.

ಸ್ಟೀಲ್ ಪಾತ್ರೆಗೆ ಹೀಗೆ ಮಾಡಿ. ಕಲೆ ಎರಡು ಬೆರಳು ಮುಳುಗುವಷ್ಟು ನೀರು, ನಿಮ್ಮ ಪಾತ್ರೆಗೆ ಸುಮಾರು 1 ಲೀಟರ್. ಅದಕ್ಕೆ 2 ದೊಡ್ಡ ಚಮಚ ಅಡುಗೆ ಸೋಡಾ. ಸೋಡಾವನ್ನು ತಣ್ಣೀರಿಗೇ ಹಾಕಿ ಕರಗಿಸಿ, ಕುದಿಯುವ ನೀರಿಗೆ ಸುರಿದರೆ ಉಕ್ಕಿ ಒಲೆ ಮೇಲೆ ಬೀಳುತ್ತೆ. ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ. ಉರಿ ಆರಿಸಿ, ಮುಚ್ಚಿ, ಅರ್ಧ ಗಂಟೆ ಬಿಡಿ. ಆಮೇಲೆ ಮರದ ಚಪ್ಪಟೆ ಸೌಟಿನಿಂದ ಕಲೆಯ ಅಂಚನ್ನು ತಳ್ಳಿ ನೋಡಿ, ನಡುವನ್ನಲ್ಲ. ಹದವಾಗಿದ್ದರೆ ಅಂಚು ಹಳೇ ಸುಣ್ಣದ ಪದರ ಗೋಡೆಯಿಂದ ಎದ್ದ ಹಾಗೆ ಎದ್ದು ಬರುತ್ತೆ, ಅದರ ಕೆಳಗೆ ಸೌಟು ತೂರಿಸಿದರೆ ಹಾಳೆಯ ಹಾಗೆ ಬಿಡುತ್ತೆ. ಪುಡಿಪುಡಿಯಾಗಿ ಕೆರೆಯಬೇಕಾಗಿ ಬಂದರೆ ಇನ್ನೂ ಆಗಿಲ್ಲ ಅಂತ ಅರ್ಥ, ಇನ್ನೊಂದು ಅರ್ಧ ಗಂಟೆ ಬಿಡಿ.

ಆ ನೀರು ಚೆಲ್ಲಿ, ಒಮ್ಮೆ ತೊಳೆದು, ಬಿಳಿ ಪೊರೆ ಉಳಿದಿದ್ದರೆ ಮಾತ್ರ 1 ಲೀಟರ್ ಬಿಸಿನೀರಿಗೆ 1 ಚಹಾ ಚಮಚ ನಿಂಬೆ ಉಪ್ಪು ಹಾಕಿ 10 ನಿಮಿಷ ಬಿಡಿ. ಆಮೇಲೆ ಯಂತ್ರಕ್ಕೆ.

ಸೌಟು

ಅಂತೂ ಸೋಡಾ, ಹುಳಿ ಎರಡೂ ಬೇಕಾಯ್ತಲ್ಲ! ನಾನು ಹೇಳಿದ್ದೂ ಅದೇ.

ಕ್ಷಾರಪ್ರಿಯ

ಒಪ್ಪಿದೆ, ಸರದಿ ಮಾತ್ರ ಬೇರೆ.

ಮಲೆನಾಡಹುಡುಗಿ

ಇಷ್ಟೆಲ್ಲ ಯಾಕೆ ಮಾರಾಯ್ರೆ, ಹಾಲು ಹಾಕುವ ಮೊದಲು ಪಾತ್ರೆಗೆ ನಾಲ್ಕು ಚಮಚ ನೀರು ಹಾಕಿ ಒಂದು ಸುತ್ತು ತಿರುಗಿಸಿ, ಆ ನೀರಿನ ಮೇಲೇ ಹಾಲು ಸುರಿಯಿರಿ. ತಳ ಹಿಡಿಯಲ್ಲ.

ಸ್ಪ್ಯಾನರ್

ಅವರು ಕೇಳಿದ್ದು ಸೀದ ಮೇಲಿನ ಮಾತು ಕಣಕ್ಕ.

ಮಲೆನಾಡಹುಡುಗಿ

ಸೀಯದಿದ್ದರೆ ಕೇಳುವ ಕೆಲಸವೇ ಇರಲ್ಲ ಅಂತ ಹೇಳಿದೆ ಅಷ್ಟೆ 😄

ಗಣಿತಮೇಷ್ಟ್ರು

ಆ ನೀರಿನ ಉಪಾಯ ನಿಜಕ್ಕೂ ಕೆಲಸ ಮಾಡುತ್ತಾ ಅನ್ನೋದೇ ನನಗೆ ಅನುಮಾನ. ಹಾಲಿನಲ್ಲಿರೋದೂ ಬಹುಪಾಲು ನೀರೇ. ಸುರಿದ ಕ್ಷಣ ಎಲ್ಲ ಬೆರೆತು ಹೋಗುತ್ತೆ.

ಮಲೆನಾಡಹುಡುಗಿ

ಪೂರ್ತಿ ಬೆರೆಯಲ್ಲ. ಲೋಹದ ಗೀರು, ಗುಂಡಿಗಳಲ್ಲಿ ನೀರು ಕೂತಿರುತ್ತೆ, ಹಾಲು ನೇರ ಅಲ್ಲಿಗೆ ಹೋಗಿ ಕೂರಲ್ಲ. ತೆಳು ತಳದ ಪಾತ್ರೆಗೆ ದೊಡ್ಡ ಉರಿ ಕೊಟ್ಟರೆ ಯಾವ ಉಪಾಯವೂ ನಡೆಯಲ್ಲ, ಅದು ಒಪ್ಪಿದೆ.

ಬೆಳ್ಳಿಬಟ್ಟಲು

ನನ್ನದು ಅಲ್ಯೂಮಿನಿಯಂ ಪಾತ್ರೆ. ಮೇಲೆ ಹೇಳಿದ ಹಾಗೆಯೇ ಸೋಡಾ ಹಾಕಿ ಕುದಿಸಿದೆ. ಹಾಲಿನ ಕಲೆ ಹೋಯಿತು, ಪಾತ್ರೆ ಒಳಗೆಲ್ಲ ಕಪ್ಪಾಯಿತು! ಈಗ ಏನು ಮಾಡಲಿ?

ಕ್ಷಾರಪ್ರಿಯ

ಅದಕ್ಕೇ "ಸ್ಟೀಲ್ ಪಾತ್ರೆಗೆ" ಅಂತ ಶುರು ಮಾಡಿದ್ದೆ. ಅಲ್ಯೂಮಿನಿಯಂ ಮೇಲೆ ತೆಳುವಾದ ಒಂದು ರಕ್ಷಣೆಯ ಪದರ ಇರುತ್ತೆ, ಕ್ಷಾರ ಅದನ್ನು ಕೆಡಿಸುತ್ತೆ. ಡಿಶ್‌ವಾಶರ್ ಪುಡಿಯೂ ಕ್ಷಾರವೇ ಆದ್ದರಿಂದ ಅಲ್ಯೂಮಿನಿಯಂ ಪಾತ್ರೆ ಯಂತ್ರದಲ್ಲೂ ಹೀಗೇ ಕಪ್ಪಾಗುತ್ತೆ. ಅಂಗೈಯಿಂದ ಒರೆಸಿದರೆ ಬೂದುಬಣ್ಣ ಕೈಗೆ ಹತ್ತುತ್ತೆ, ಅದೇ ಗುರುತು.

ಈಗ ಕಪ್ಪು ಮುಳುಗುವಷ್ಟು ನೀರಿಗೆ, ಲೀಟರಿಗೆ 2 ಚಹಾ ಚಮಚದಂತೆ ನಿಂಬೆ ಉಪ್ಪು ಹಾಕಿ 10–15 ನಿಮಿಷ ಕುದಿಸಿ. ಹುಣಸೆ ನೀರಾದರೂ ಆಗುತ್ತೆ. ಬಣ್ಣ ತಿಳಿಯಾಗುತ್ತೆ, ಹೊಸದರ ಹೊಳಪು ಮಾತ್ರ ಬರಲ್ಲ. ಮುಂದಿನ ಸಲ ಹಾಲು ಸೀದರೆ ಅಲ್ಯೂಮಿನಿಯಂಗೆ ಬರೀ ನೀರು, ನಾಲ್ಕು ಹನಿ ಕೈತೊಳೆತದ ದ್ರವ. ಕುದಿ ಬಂದ ಮೇಲೆ ಆರಿಸಿ ನೆನೆಯಲು ಬಿಡಿ, ಜಾಸ್ತಿ ಹೊತ್ತು ಬೇಕಾಗುತ್ತೆ. ಆಮೇಲೆ ಕೈಯಲ್ಲೇ ತೊಳೆಯಿರಿ. ಹಿತ್ತಾಳೆ, ತಾಮ್ರ, ಕಬ್ಬಿಣದ ಬಾಣಲೆಗೂ ಯಂತ್ರ ಬೇಡ.

ಸ್ಪ್ಯಾನರ್

ಆ ನಾಲ್ಕು ಹನಿ ದ್ರವದ ಬಗ್ಗೆ ಒಂದು ಎಚ್ಚರಿಕೆ. ಸ್ಟೀಲ್ ಪಾತ್ರೆಯನ್ನು ಹಾಗೆ ನೆನೆಸಿ ಸರಿಯಾಗಿ ತೊಳೆಯದೆ ಯಂತ್ರಕ್ಕೆ ಇಟ್ಟರೆ ಒಳಗೆ ನೊರೆ ತುಂಬಿಕೊಳ್ಳುತ್ತೆ. ಪಂಪು ನೀರಿನ ಬದಲು ಗಾಳಿ ಎಳೆಯುತ್ತೆ, ಚಿಮ್ಮುವ ಕೈ ನಿಧಾನವಾಗುತ್ತೆ, ಬಾಗಿಲ ಕೆಳಗಿಂದ ನೀರು ಬರೋದೂ ಉಂಟು. ಸದ್ದಿನಲ್ಲೇ ಗೊತ್ತಾಗುತ್ತೆ: ಪಟಪಟ ಅಂತ ಹೊಡೆಯುವ ನೀರು ಬುಸುಬುಸು ಅನ್ನೋಕೆ ಶುರು ಮಾಡುತ್ತೆ. ಹಾಗಾದರೆ ನಿಲ್ಲಿಸಿ, ನೀರು ಹೊರಹಾಕಿಸಿ, ಬರೀ ತಣ್ಣೀರಿನ ತೊಳೆತ ಒಂದೆರಡು ಸಲ ಓಡಿಸಿ.

ನೀರುಳಿಸಿ

ಯಾರೂ ಹೇಳದ ಒಂದು ಮಾತು. ಪಾತ್ರೆಯನ್ನ ಮುಂಚೆ ತೊಳೆಯಲೇಬಾರದು. ಯಂತ್ರದಲ್ಲಿ ನೀರು ಎಷ್ಟು ಕೊಳೆಯಾಗಿದೆ ಅಂತ ನೋಡುವ ಸೆನ್ಸರ್ ಇರುತ್ತೆ. ತೊಳೆದು ಹಾಕಿದರೆ ನೀರು ತಿಳಿಯಾಗಿದೆ ಅಂತ ಅದು ಕೆಲಸ ಕಮ್ಮಿ ಮಾಡುತ್ತೆ. ತಳಹಿಡಿದಪಾತ್ರೆ ಮಾಡಿದ್ದೇ ಸರಿ.

ಸ್ಪ್ಯಾನರ್

ಅರ್ಧ ಸರಿ. ಸೆನ್ಸರ್ ಎಲ್ಲ ಯಂತ್ರದಲ್ಲೂ ಇಲ್ಲ. ಇದ್ದರೂ ಅದರ ಮಾತು ನಡೆಯುವುದು ಮುಖ್ಯವಾಗಿ ಆಟೋ ಪ್ರೋಗ್ರಾಮಿನಲ್ಲಿ, ಇವರು ಓಡಿಸಿದ್ದು ಇಂಟೆನ್ಸಿವ್. ಇನ್ನೊಂದು, ಸೆನ್ಸರ್ ನೋಡೋದು ನೀರಿನಲ್ಲಿ ಕದಡಿದ್ದನ್ನ. ತಳಕ್ಕೆ ಅಂಟಿ ಕೂತ ಸೀಕು ನೀರಿಗೆ ಬಿಡದಿದ್ದರೆ ಸೆನ್ಸರಿಗೆ ಅದು ಇದೆ ಅಂತಲೇ ಗೊತ್ತಾಗಲ್ಲ.

ನಲ್ಲಿ ಕೆಳಗೆ ಹಿಡಿದು ಎಲ್ಲಾ ಪಾತ್ರೆ ತೊಳೆಯೋದು ದಂಡ, ನಿಜ. ಆದರೆ ಅಗುಳು ಕೆರೆದು ಕಸದ ಬುಟ್ಟಿಗೆ ಹಾಕೋದು ತೊಳೆದ ಹಾಗಲ್ಲ.

ಹಿಟ್ಟುಗಂಜಿ

ಅನ್ನದ ಪಾತ್ರೆಗೆ ಬರ್ತೀನಿ, ಅದರ ಬಗ್ಗೆ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ.

ಬೆಂದ ಅನ್ನದ ಪಿಷ್ಟ ನೀರು ಕುಡಿದು ಉಬ್ಬಿರುತ್ತೆ. ಒಣಗುವಾಗ ಆ ನೀರು ಹೋಗಿ, ಪಿಷ್ಟ ಒತ್ತಾಗಿ ಲೋಹಕ್ಕೆ ಗೋಂದಿನ ಹಾಗೆ ಕಚ್ಚಿಕೊಳ್ಳುತ್ತೆ. ಇದನ್ನ ಬಿಡಿಸಲು ನೀರು ವಾಪಸ್ ಒಳಗೆ ಹೋಗಬೇಕು. ಅದಕ್ಕೆ ತಣ್ಣೀರೋ ಉಗುರುಬೆಚ್ಚಗಿನ ನೀರೋ ಸಾಕು, ಹೊತ್ತು ಬೇಕು: ಒಂದೆರಡು ಗಂಟೆ. ಒಣಗಿದ ಅಗುಳಿನ ಮೇಲೆ ಏಕಾಏಕಿ ಕುದಿನೀರು ಸುರಿದರೆ ಮೇಲ್ಮೈ ಗಂಜಿಯಾಗಿ ಹರಡುತ್ತೆ, ಒಳಗಿನ ತಿರುಳು ಹಾಗೇ ಉಳಿಯುತ್ತೆ. ಇವರ ಯಂತ್ರದಲ್ಲಿ ಆದದ್ದು ಅದೇ. ಯಂತ್ರ ಒಂದೇ ನೀರನ್ನ ಮತ್ತೆ ಮತ್ತೆ ಎತ್ತಿ ಹೊಡೆಯುತ್ತೆ. ಒಂದು ಪಾತ್ರೆಯ ಗಂಜಿ ನಾಲ್ಕು ಲೀಟರ್ ನೀರಿಗೆ ಬೆರೆತು ಎಲ್ಲಾ ಲೋಟಕ್ಕೂ ಸುಣ್ಣ ಬಳಿದ ಹಾಗೆ ಬಳಿದಿದೆ.

ಟ್ಯಾಬ್ಲೆಟ್‌ನಲ್ಲಿ ಪಿಷ್ಟ ಕತ್ತರಿಸುವ ಎಂಜೈಮ್ ಒಂದು, ಪ್ರೋಟೀನ್ ಕತ್ತರಿಸುವುದು ಇನ್ನೊಂದು ಇರುತ್ತೆ. ಅವಕ್ಕೆ ಹಿತವಾದದ್ದು 50 ಡಿಗ್ರಿಯ ಆಚೀಚೆ. 70 ಹತ್ತಿರ ಹೋದಂತೆ ಸೋಲುತ್ತವೆ. ಬರೀ ಅನ್ನದ ಪಾತ್ರೆಗೆ ಇಂಟೆನ್ಸಿವ್‌ಗಿಂತ ಉದ್ದದ ಇಕೋ ಪ್ರೋಗ್ರಾಮೇ ವಾಸಿ.

ಗಣಿತಮೇಷ್ಟ್ರು

ಹಾಗಾದರೆ 70ರಲ್ಲಿ ಎಂಜೈಮ್ ಸತ್ತೇ ಹೋಗುತ್ತೆ ಅನ್ನಿ. ಮತ್ತೆ ಇಂಟೆನ್ಸಿವ್ ಅಂತ ಯಾಕಿಟ್ಟಿದ್ದಾರೆ?

ಹಿಟ್ಟುಗಂಜಿ

ಒಂದೇ ಸಲ 70ಕ್ಕೆ ಹೋಗಲ್ಲ ಸಾರ್. ತಣ್ಣೀರು ತುಂಬಿಕೊಂಡು ಕಾಯಿಸುತ್ತಾ ಹೋಗುತ್ತೆ. 40ರಿಂದ 60 ದಾಟುವ ಆ ಹೊತ್ತಿನಲ್ಲಿ ಎಂಜೈಮ್ ತನ್ನ ಕೆಲಸ ಮಾಡುತ್ತೆ, ಆಮೇಲಿನ ಬಿಸಿ ಜಿಡ್ಡಿಗೆ. ಯಂತ್ರಕ್ಕೆ ಗೀಸರ್ ಅಥವಾ ಸೋಲಾರ್‌ನ ಬಿಸಿನೀರಿನ ಪೈಪು ಕೊಟ್ಟಿದ್ದರೆ ಆ ಹೊತ್ತೇ ಸಿಗಲ್ಲ.

ತಳಹಿಡಿದಪಾತ್ರೆ

ಅಯ್ಯೋ, ನಮ್ಮದಕ್ಕೆ ಸೋಲಾರ್ ನೀರೇ ಬರೋದು. ಕರೆಂಟ್ ಉಳಿಯುತ್ತೆ ಅಂತ ಕೊಟ್ಟದ್ದು.

ಲೋಟದ ಮಂಕು ಗಂಜಿಯೇ ಅಂತ ಹೇಗೆ ಹೇಳ್ತೀರಿ? ನಮ್ಮ ನೀರು ಗಡಸು, ಉಪ್ಪು ಕೂತಿರಬಹುದಲ್ಲ.

ಹಿಟ್ಟುಗಂಜಿ

ಎರಡು ಹನಿಯಲ್ಲಿ ಗೊತ್ತಾಗುತ್ತೆ. ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ದ್ರಾವಣ ಮನೆಯಲ್ಲಿ ಇರುತ್ತಲ್ಲ, ಅದನ್ನ ನೀರು ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತನ್ನಿ. ಮಂಕಾದ ಲೋಟದ ಒಳಗೆ ಒಂದು ಹನಿ ಬಿಡಿ. ನೀಲಿ ಅಥವಾ ಕಪ್ಪುನೀಲಿಗೆ ತಿರುಗಿದರೆ ಪಿಷ್ಟ. ಕಂದು ಕಂದಾಗೇ ಉಳಿದರೆ ಅಲ್ಲ. ಅಲ್ಲದಿದ್ದರೆ ಇನ್ನೊಂದು ಜಾಗದಲ್ಲಿ ನಿಂಬೆರಸದ ಹನಿ ಬಿಟ್ಟು ಐದು ನಿಮಿಷ ಕಳೆದು ಒರೆಸಿ. ಆ ಜಾಗ ಮಾತ್ರ ಫಳಫಳ ಅಂದರೆ ಗಡಸು ನೀರಿನ ಸುಣ್ಣ, ಯಂತ್ರದ ಉಪ್ಪಿನ ಡಬ್ಬಿ ಖಾಲಿಯಾಗಿದೆ. ಎರಡಕ್ಕೂ ಜಗ್ಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಪರೀಕ್ಷೆ ಆದ ಮೇಲೆ ಲೋಟ ಚೆನ್ನಾಗಿ ತೊಳೆಯಿರಿ.

ಬಿಸಿಬಿಸಿ

ಲೋಟಕ್ಕೂ ರಕ್ತಪರೀಕ್ಷೆ 😂

ಒಣಸೌದೆ

ಅನ್ನದ ಪಾತ್ರೆ ನೆನೆಸೋದೇ ಬೇಡ ಅನ್ನೋದು ನನ್ನ ವಾದ. ಪೂರ್ತಿ ಒಣಗೋಕೆ ಬಿಡಿ. ದಪ್ಪ ಪದರ ಇದ್ದರೆ ಒಣಗುವಾಗ ಕುಗ್ಗಿ ತಾನೇ ಎದ್ದು ಬರುತ್ತೆ, ಬೆರಳಲ್ಲಿ ಒತ್ತಿದರೆ ಚಕ್ಕೆಚಕ್ಕೆಯಾಗಿ ಬಿಡುತ್ತೆ. ನೆನೆಸಿದ ಅಗುಳು ಸಿಂಕಿನ ಜಾಲರಿ ತುಂಬಿ ಕೂರುತ್ತೆ. ಒಣಗಿದ್ದು ಕಸದ ಬುಟ್ಟಿಗೆ ನೇರ. ಅರ್ಧ ಒಣಗಿದ ಹೊತ್ತೇ ಅತಿ ಕೆಟ್ಟದ್ದು, ಆಗ ಮುಟ್ಟಬಾರದು.

ಹಿಟ್ಟುಗಂಜಿ

ದಪ್ಪ ಪದರಕ್ಕೆ ಒಪ್ಪುತ್ತೇನೆ. ಗೋಡೆಗೆ ಹತ್ತಿದ ತೆಳು ಗಂಜಿ ಹಾಗೆ ಬಿಡಲ್ಲ. ಕಣ್ಣಿಗೆ ಕಾಣೋದೂ ಇಲ್ಲ, ಯಂತ್ರದಲ್ಲಿ ಲೋಟ ಮಂಕು ಮಾಡೋದು ಅದೇ.

ಒಣಸೌದೆ

ತೆಳು ಗಂಜಿಯನ್ನ ಯಂತ್ರವೇ ನೋಡಿಕೊಳ್ಳಬೇಕಪ್ಪ, ಅದಕ್ಕೇ ತಾನೆ ದುಡ್ಡು ಕೊಟ್ಟಿರೋದು.

ಕ್ಷಾರಪ್ರಿಯ

ಇಬ್ಬರಿಗೂ ಸರಿಹೋಗುವ ದಾರಿ ಇದೆ. ಡಿಶ್‌ವಾಶರ್ ಪುಡಿಯನ್ನೇ ನೆನೆಸಲು ಬಳಸಿ. ಮುಟ್ಟಿದರೆ ಕೈ ತಡೆದುಕೊಳ್ಳುವಷ್ಟು ಬಿಸಿ, ಅಂದರೆ 45–50 ಡಿಗ್ರಿಯ 1 ಲೀಟರ್ ನೀರಿಗೆ 2 ಚಹಾ ಚಮಚ ಪುಡಿ. ಅನ್ನಕ್ಕೆ 1 ಗಂಟೆ, ಹೆಚ್ಚು ಸೀಯದ ಹಾಲಿಗೆ 2–3 ಗಂಟೆ. ಕುದಿಸಬಾರದು, ಎಂಜೈಮ್ ಹಾಳು. ಇದರಲ್ಲಿ ನೊರೆ ಕಮ್ಮಿ, ಹಾಗಾಗಿ ಆ ನೀರು ಚೆಲ್ಲಿ ಪಾತ್ರೆಯನ್ನ ನೇರ ಯಂತ್ರಕ್ಕೆ ಇಟ್ಟರೂ ತೊಂದರೆ ಇಲ್ಲ.

ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕೈತೊಳೆತದ ದ್ರವಕ್ಕಿಂತ ಇದು ತುಂಬಾ ಖಾರ. ಮುಚ್ಚಳ ಬಿಗಿಯಾಗಿ ಹಾಕಿ ಇಡಬೇಡಿ, ಇದರಿಂದ ಆಮ್ಲಜನಕ ಬಿಡುಗಡೆಯಾಗುತ್ತೆ. ಅಲ್ಯೂಮಿನಿಯಂಗೆ ಬೇಡ ಅಂತ ಮತ್ತೆ ಹೇಳಬೇಕಿಲ್ಲ. ಜೊತೆಗೆ ಬ್ಲೀಚ್ ಅಂತೂ ಬೆರೆಸಲೇಬೇಡಿ, ಎಂಜೈಮನ್ನೂ ಕೊಲ್ಲುತ್ತೆ, ಸ್ಟೀಲಿಗೂ ಚುಕ್ಕೆಚುಕ್ಕೆ ತೂತು ಬೀಳಿಸುತ್ತೆ.

ಅಡಿಗೆಭಟ್ರು

ಬೆಲ್ಲ ತಾನಾಗಿ ಹೋಯ್ತು ಅಂತ ಎಲ್ಲರೂ ಬಿಟ್ಟೇಬಿಟ್ರಿ. ಹೋದದ್ದು ಸೀಯದ ಪಾಕ. ಪಾಕ ಎಷ್ಟೇ ಗಟ್ಟಿಯಾಗಲಿ ಅದು ಸಕ್ಕರೆಯೇ, ಬಿಸಿನೀರು ತಾಗಿದರೆ ಕರಗಲೇಬೇಕು. ಆದ್ರೆ ಇಡೀ ಬಾಣಲೆ ಯಂತ್ರಕ್ಕೆ ತಳ್ಳೋದು ಬೇಡ, ಮಣ್ಣು ನಾರು ಎಲ್ಲ ಫಿಲ್ಟರಿಗೆ ಹೋಗ್ತದೆ.

ಬಾಣಲೆಗೆ ಎರಡು ಲೋಟ ನೀರು ಹಾಕಿ, ಪಾಕ ಅಂಟಿದ ಸೌಟನ್ನೂ ಅದರೊಳಗೇ ಬಿಟ್ಟು, ಮುಚ್ಚಳ ಮುಚ್ಚಿ ಕುದಿಸಿ. ಅಂಚಿನ ತನಕ ನೀರು ತುಂಬಿಸಬೇಕಿಲ್ಲ. ಹಬೆ ಮೇಲೆ ಹೋಗಿ, ಗೋಡೆ ಮೇಲೆ ಹನಿಯಾಗಿ ಇಳೀತಾ ಅಂಚಿನ ಪಾಕವನ್ನ ತಾನೇ ಕರಗಿಸ್ತದೆ. ಐದಾರು ನಿಮಿಷ. ಬಿಸಿ ಇರುವಾಗಲೇ ನೀರು ಚೆಲ್ಲಿ, ತಳದಲ್ಲಿ ಕೂತ ಮರಳು ಅದರ ಜೊತೆ ಹೋಗ್ತದೆ. ಚಾಕುವಿನಿಂದ ಒಡೆಯೋಕೆ ಹೋಗಬೇಡಿ, ಗಟ್ಟಿ ಪಾಕ ಗಾಜಿನ ಚೂರಿನ ಹಾಗೆ ಸಿಡೀತದೆ, ಪಾತ್ರೆಗೂ ಗೀರು.

ಕಪ್ಪಾಗಿ ಕಹಿ ವಾಸನೆ ಬಂದಿದ್ರೆ ಅದು ಬೆಲ್ಲ ಅಲ್ಲ, ಕರಕಲು. ನೀರಲ್ಲಿ ಕರಗೋದಿಲ್ಲ. ಅದಕ್ಕೆ ಹಾಲಿನ ಪಾತ್ರೆಗೆ ಹೇಳಿದ ಸೋಡಾ ಕುದಿತವೇ ಗತಿ.

ಮಲೆನಾಡಹುಡುಗಿ

ಬೆಲ್ಲದ ಜೊತೆ ತುಪ್ಪ, ಕಾಯಿತುರಿ ಇದ್ದರೆ? ಬರೀ ನೀರಲ್ಲಿ ಕುದಿಸಿದರೂ ತೇಪೆ ತೇಪೆ ಉಳಿಯುತ್ತೆ.

ಅಡಿಗೆಭಟ್ರು

ತುಪ್ಪ ಮೇಲೆ ಕೂತು ನೀರನ್ನ ಒಳಗೆ ಬಿಡಲ್ಲಮ್ಮ. ಬಿಸಿ ಮಾಡಿ ತುಪ್ಪ ಕರಗಿದ ಮೇಲೆ ಹಳೇ ಕಾಗದದಲ್ಲಿ ಒರೆಸಿ ತೆಗೆದು, ಆಮೇಲೆ ನೀರು ಹಾಕಿ ಕುದಿಸಿ. ಕಾಯಿತುರಿ ಯಂತ್ರಕ್ಕೆ ಹೋಗಬಾರದು, ಅಗುಳಿಗಿಂತ ಅದೇ ಜಾಸ್ತಿ ಕಾಟ.

ಬೆಳ್ಳಿಬಟ್ಟಲು

ಅನ್ನದ ಕುಕ್ಕರ್ ಮುಚ್ಚಳ ಯಂತ್ರಕ್ಕೆ ಹಾಕಬಹುದಾ?

ಸ್ಪ್ಯಾನರ್

ಬೇಡ. ಗಂಜಿ ನೀರು ಹಬೆ ತೂತಿಗೆ, ಸೇಫ್ಟಿ ವಾಲ್ವಿನ ಸುತ್ತ ಹೋಗಿ ಒಣಗಿದರೆ ಅಪಾಯ. ಗ್ಯಾಸ್ಕೆಟ್ ತೆಗೆದು ಮುಚ್ಚಳ ಕೈಯಲ್ಲೇ ತೊಳೆದು, ಹಬೆ ತೂತಿನಲ್ಲಿ ಬೆಳಕು ಹಾಯುತ್ತಾ ಅಂತ ಪ್ರತಿ ಸಲ ನೋಡಿ. ಒಳಗಿಡುವ ಸ್ಟೀಲ್ ಡಬ್ಬಿಗಳನ್ನ ಧಾರಾಳವಾಗಿ ಹಾಕಿ, ಬಾಯಿ ಕೆಳಮುಖವಾಗಿ, ಸ್ವಲ್ಪ ಓರೆಯಾಗಿ. ಒಂದರ ಮೇಲೊಂದು ಕವುಚಿದರೆ ಮೇಲಿನದಕ್ಕೆ ನೀರೇ ಹೋಗಲ್ಲ. ಹಾಲಿನ ಪಾತ್ರೆಯಂಥ ಆಳದ್ದನ್ನ ಕೆಳಗಿನ ಚಿಮ್ಮುವ ಕೈಯ ಮೇಲೆ ಇಡಿ, ಆದರೆ ಅದರ ನಟ್ಟನಡು ಬೇಡ. ಅಲ್ಲಿ ತೂತು ಕಮ್ಮಿ.

ತಳಹಿಡಿದಪಾತ್ರೆ

ಮಾಡಿ ನೋಡಿದೆ, ವರದಿ ಒಪ್ಪಿಸ್ತಿದ್ದೀನಿ.

ಲೋಟದ ಮೇಲೆ ಅಯೋಡಿನ್ ಹನಿ: ಎರಡು ಲೋಟದಲ್ಲಿ ನೀಲಿ, ಒಂದರಲ್ಲಿ ಕಂದಾಗೇ ಉಳಿಯಿತು. ಆ ಒಂದು ನಿಂಬೆರಸಕ್ಕೆ ಹೊಳೆಯಿತು. ಅಂದರೆ ಗಂಜಿಯೂ ಇತ್ತು, ಸುಣ್ಣವೂ ಇತ್ತು. ಉಪ್ಪಿನ ಡಬ್ಬಿ ನಿಜವಾಗಿಯೂ ಖಾಲಿ. ಕೆಳಗಿನ ಚಿಮ್ಮುವ ಕೈಯಲ್ಲಿ ಮೂರು ಅಗುಳು ಸಿಕ್ಕವು.

ಹಾಲಿನ ಪಾತ್ರೆಗೆ 2 ದೊಡ್ಡ ಚಮಚ ಸೋಡಾ, 10 ನಿಮಿಷ ಕುದಿತ. ಅರ್ಧ ಗಂಟೆಗೆ ಬಿಡಲಿಲ್ಲ, ಒಂದು ಗಂಟೆಗೆ ಅಂಚು ಎದ್ದು ಹಾಳೆಯಾಗಿ ಬಂತು. ನಿಂಬೆ ಉಪ್ಪಿಗೆ ಬಿಳಿ ಪೊರೆ ಹೋಯಿತು. ನಡುವೆ ನಾಣ್ಯದಷ್ಟು ಕಪ್ಪು ಉಳಿದಿದೆ. ಎರಡನೇ ಸಲ ಸೋಡಾ ಕುದಿಸಿದರೂ ಅಲ್ಲಾಡಿಲ್ಲ.

ಕ್ಷಾರಪ್ರಿಯ

ಆ ಕಪ್ಪಿನ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಏರುತಗ್ಗು ಸಿಕ್ಕರೆ ಕರಕಲು ಇನ್ನೂ ಇದೆ. ನುಣ್ಣಗೆ ಜಾರಿ, ಓರೆಯಲ್ಲಿ ನೋಡಿದಾಗ ನೀಲಿ, ಕಂದು ಬಣ್ಣ ಮಿನುಗಿದರೆ ಅದು ಕಲೆಯಲ್ಲ, ಬಿಸಿಗೆ ಸ್ಟೀಲೇ ಬಣ್ಣ ತಿರುಗಿದ್ದು. ಅದಕ್ಕೆ ವಿನೆಗರ್ ಒರೆಸಿದರೆ ಬಹುಪಾಲು ಹೋಗುತ್ತೆ.

ತಳಹಿಡಿದಪಾತ್ರೆ

ಉಗುರಿಗೆ ಸಿಗುತ್ತೆ. ಕರಕಲೇ.

ಕ್ಷಾರಪ್ರಿಯ

ಹಾಗಾದರೆ ಅದರಲ್ಲಿ ಪ್ರೋಟೀನೂ ಇಲ್ಲ, ಸಕ್ಕರೆಯೂ ಇಲ್ಲ, ಇದ್ದಿಲಾಗಿದೆ. ಕರಗಿಸುವಂಥದ್ದು ಏನೂ ಉಳಿದಿಲ್ಲ. ಸೋಡಾವನ್ನೇ ಕೆಲವು ಹನಿ ನೀರಲ್ಲಿ ಗಟ್ಟಿಯಾಗಿ ಕಲಸಿ ಅದರ ಮೇಲೆ ಮೆತ್ತಿ ರಾತ್ರಿ ಬಿಡಿ, ಬೆಳಿಗ್ಗೆ ನಾರಿನಿಂದ ಉಜ್ಜಿ. ಯಂತ್ರಕ್ಕೆ ಹತ್ತು ಸಲ ಹಾಕಿದರೂ ಇದು ಹೋಗಲ್ಲ.

ಒಣಸೌದೆ

ಸ್ಟೀಲ್ ತಂತಿಯಲ್ಲಿ ಎರಡು ಸಲ ಎಳೆದರೆ ಮುಗೀತು. ಯಾಕೆ ಇಷ್ಟು ಪೂಜೆ?

ಮಲೆನಾಡಹುಡುಗಿ

ತಂತಿ ಎಳೆದ ಗೀರಿನಲ್ಲೇ ಮುಂದಿನ ಸಲ ಹಾಲು ಮೊದಲು ಹಿಡಿಯೋದು.

ಒಣಸೌದೆ

ನಮ್ಮನೇಲಿ ಹಾಗೇನೂ ಆಗಿಲ್ಲ.

ತಳಹಿಡಿದಪಾತ್ರೆ

ಸೋಡಾ ಮೆತ್ತಿ ಇಟ್ಟಿದ್ದೀನಿ. ಬೆಳಿಗ್ಗೆ ಹಾಲು ಕಾಯಿಸೋಕೆ ಬೇರೆ ಪಾತ್ರೆ ಹುಡುಕಬೇಕು.